25 ಲಕ್ಷಕ್ಕೆ ಫ್ಲ್ಯಾಟಾ, ಮಳಿಗೆಯಾ, ಸೈಟಾ? ದಾವಣಗೆರೆಯ ಲೆಕ್ಕ

"ಸರ್, ಕೈಯಲ್ಲಿ 25 ಲಕ್ಷ ಇದೆ, ಸಾಲ ಬೇಡ. ದಾವಣಗೆರೆಯಲ್ಲೇ ಹಾಕ್ಬೇಕು. ಫ್ಲ್ಯಾಟ್ ತಗೊಳ್ಳೋದಾ, ಮಳಿಗೆನಾ, ಸೈಟಾ? ಯಾವುದ್ರಲ್ಲಿ ಜಾಸ್ತಿ ಬರುತ್ತೆ?"

ಜನ ಓಡಾಡುವ ರಸ್ತೆಯಲ್ಲಿ ನೆಲಮಹಡಿಯ ಮಳಿಗೆ ಈ ದುಡ್ಡಿಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಸಿಗದಿದ್ದರೆ ದಾಖಲೆ ಸರಿಯಿರುವ ಸೈಟು. ಬಾಡಿಗೆಗೆ ಬಿಡುವುದಕ್ಕಾಗಿಯೇ ಫ್ಲ್ಯಾಟ್ ತಗೊಳ್ಳಬೇಡಿ. ಮಕ್ಕಳ ಓದಿಗೋ ಸ್ವಂತ ವಾಸಕ್ಕೋ ಆದರೆ ಅದು ಬೇರೆ ಮಾತು.

25 ಲಕ್ಷವಿದೆ ಎಂದರೆ 25 ಲಕ್ಷದ ಆಸ್ತಿ ಬರುವುದಿಲ್ಲ. ನಗರದೊಳಗೆ ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ 0.6%, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 2%. ಒಟ್ಟು 7.6%. ವಕೀಲರು, ಪತ್ರ ಬರೆಯುವವರ ಖರ್ಚು ಸೇರಿಸಿದರೆ ನಿಮಗೆ ಕೊಳ್ಳಲು ಸಾಧ್ಯವಾಗುವುದು ಸುಮಾರು 23 ಲಕ್ಷದ ಆಸ್ತಿ. ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ 45 ಲಕ್ಷದವರೆಗೆ ಮುದ್ರಾಂಕದಲ್ಲಿ ರಿಯಾಯಿತಿ ಇದೆ. ಹೋಲಿಕೆ ಸರಳವಾಗಲಿ ಎಂದು ಮೂರಕ್ಕೂ 23 ಲಕ್ಷವನ್ನೇ ಹಿಡಿದಿದ್ದೇನೆ.

ಅಳತೆಗೋಲು ಬ್ಯಾಂಕಿನ ಠೇವಣಿ. 6.5% ಬಡ್ಡಿ ಎಂದುಕೊಂಡರೆ 25 ಲಕ್ಷ 5 ವರ್ಷಕ್ಕೆ 34.25 ಲಕ್ಷವಾಗುತ್ತದೆ. ಅಷ್ಟಾದರೂ ಕೈಗೆ ಬರಬೇಕಾದರೆ ಪ್ರತಿ ಆಸ್ತಿಯನ್ನೂ 5 ವರ್ಷದ ನಂತರ ಎಷ್ಟಕ್ಕೆ ಮಾರಬೇಕು? ನಾನು ಕೇಳುವುದು ಈ ಒಂದೇ ಪ್ರಶ್ನೆ. ಮುಂದಿನ ಬಾಡಿಗೆ, ಬೆಲೆಗಳೆಲ್ಲ ಲೆಕ್ಕಕ್ಕೆ ಹಿಡಿದವು. ನೀವು ನೋಡಿದ ಆಸ್ತಿಯ ಅಂಕಿ ಹಾಕಿಕೊಳ್ಳಿ. ಮಾರುವಾಗ ಬ್ರೋಕರ್‌ಗೆ 2% ಬಿಟ್ಟಿದ್ದೇನೆ. ಎರಡೂ ಕಡೆ ಆದಾಯ ತೆರಿಗೆ ಸೇರಿಸಿಲ್ಲ.

ಫ್ಲ್ಯಾಟ್‌ನಿಂದ ಶುರುಮಾಡೋಣ. ತಿಂಗಳ ಬಾಡಿಗೆ 7,500. ವರ್ಷಕ್ಕೆ ಒಂದು ತಿಂಗಳು ಖಾಲಿ. ಕಂದಾಯ, ಸುಣ್ಣಬಣ್ಣ, ನಲ್ಲಿ, ಮೋಟಾರು ರಿಪೇರಿ ಎಲ್ಲ ಕಳೆದು ಉಳಿಯುವುದು 70,000. ಈ ಬಾಡಿಗೆಯನ್ನೂ ಬ್ಯಾಂಕಿನಲ್ಲಿಟ್ಟರೆ 5 ವರ್ಷಕ್ಕೆ 4 ಲಕ್ಷದ ಹತ್ತಿರ. ಹಾಗಾಗಿ ಫ್ಲ್ಯಾಟನ್ನು 30.9 ಲಕ್ಷಕ್ಕೆ ಮಾರಬೇಕು. 8 ಲಕ್ಷ ಏರಿದರೆ ಸಾಕಲ್ಲ ಅನಿಸುತ್ತದೆ. ಏರುವುದು ಯಾವುದು ಎಂದು ನೋಡಿ. ಕ್ರಯಪತ್ರದಲ್ಲಿ ನಿಮ್ಮ ಪಾಲಿನ ಅವಿಭಜಿತ ಜಾಗ 350 ಚದರಡಿ ಎಂದಿದೆ, ಅಲ್ಲಿಯ ನೆಲದ ಬೆಲೆ ಚದರಡಿಗೆ 2,500 ಎಂದುಕೊಳ್ಳೋಣ. ನಿಮ್ಮ ನೆಲ 8.75 ಲಕ್ಷದ್ದು. ಉಳಿದ 14.25 ಲಕ್ಷ ಕಟ್ಟಡದ್ದು, ಅದು ಹಳೆಯದಾಗುತ್ತಲೇ ಹೋಗುತ್ತದೆ. ಕಟ್ಟುವ ಖರ್ಚು ಏರುವುದರಿಂದ ಕಟ್ಟಡದ ಬೆಲೆ ಇಳಿಯದೆ ನಿಂತಿತು ಎಂದೇ ಒಪ್ಪಿಕೊಂಡರೂ, ಆ 350 ಚದರಡಿ 5 ವರ್ಷದಲ್ಲಿ 16.65 ಲಕ್ಷ ಆಗಬೇಕು. ಹೆಚ್ಚುಕಡಿಮೆ ಎರಡು ಪಟ್ಟು. ಇದರ ಜೊತೆಗೆ ನಮ್ಮೂರಲ್ಲಿ ಫ್ಲ್ಯಾಟಿಗೆ ಪೈಪೋಟಿ ಕೊಡುವುದು ಇನ್ನೊಂದು ಫ್ಲ್ಯಾಟ್ ಅಲ್ಲ, ಓನರ್ ಕೆಳಗಿದ್ದು ಬಾಡಿಗೆಗೆ ಬಿಡುವ ಮಹಡಿ ಮನೆ. ಅಲ್ಲಿ ಮೇಂಟೆನೆನ್ಸ್ ಕೊಡುವ ತಾಪತ್ರಯವಿಲ್ಲ. ಹಾಗಾಗಿ ಫ್ಲ್ಯಾಟಿನ ಬಾಡಿಗೆ ಏರಿಸುವುದು ಕಷ್ಟ.

ಸೈಟಿನಲ್ಲಿ ಬಾಡಿಗೆಯೇ ಇಲ್ಲ. 30x40, ಅಂದರೆ 1,200 ಚದರಡಿ, ಚದರಡಿಗೆ ಸುಮಾರು 1,917ರಂತೆ 23 ಲಕ್ಷ. ಖಾಲಿ ಜಾಗದ ಕಂದಾಯ, ಜಾಲಿ ಕಡಿಸುವ ಕೂಲಿ ವರ್ಷಕ್ಕೆ 5,000. 5 ವರ್ಷದ ಮೇಲೆ 35.2 ಲಕ್ಷಕ್ಕೆ ಮಾರಬೇಕು, ಅಂದರೆ ಚದರಡಿಗೆ 2,935ರ ಆಸುಪಾಸು. ನೆಲದ ಬೆಲೆ 53% ಏರಬೇಕು. ಸಣ್ಣ ಏರಿಕೆಯೇನಲ್ಲ, ವರ್ಷಕ್ಕೆ 9% ಹತ್ತಿರ. ಆದರೂ ಫ್ಲ್ಯಾಟಿನಲ್ಲಿ ನಿಮ್ಮ ಪಾಲಿನ ನೆಲ ಏರಬೇಕಾದ 90%ಗಿಂತ ಎಷ್ಟೋ ಕಡಿಮೆ. ಬಾಡಿಗೆ ಬರುವ ಫ್ಲ್ಯಾಟ್, ಏನೂ ಬಾರದ ಸೈಟಿನ ಮುಂದೆ ಸೋಲುವುದು ಇಲ್ಲೇ.

ಆ 53% ದಾಖಲೆ ಪಕ್ಕಾ ಇದ್ದ ಸೈಟಿಗೆ ಮಾತ್ರ ಸಿಗುವ ಮಾತು. ಭೂಪರಿವರ್ತನೆ ಆದೇಶ, ದೂಡಾ ಒಪ್ಪಿದ ಬಡಾವಣೆ ನಕ್ಷೆ, ನಿಮ್ಮ ಸೈಟು ನಂಬರ್ ಇರುವ ಬಿಡುಗಡೆ ಪತ್ರ, ಇ-ಖಾತೆ, ಹೊಸ ಬಡಾವಣೆಯಾದರೆ ರೇರಾ ನಂಬರ್: ಇವಿಷ್ಟೂ ಕೈಗೆ ಬಂದ ಮೇಲೆಯೇ ಅಡ್ವಾನ್ಸ್ ಕೊಡಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ನಮೂನೆ 9 ಮತ್ತು 11ಎ ಕೇಳಿ. ಒಪ್ಪಿಗೆ ಇಲ್ಲದ ಸೈಟಿಗೆ ಕೊಡುವ 11ಬಿ ತೋರಿಸಿದರೆ ಎದ್ದು ಬನ್ನಿ. ಅಂಥ ಸೈಟು ಅಗ್ಗವಾಗಿ ಸಿಗುತ್ತದೆ, ಆದರೆ ಮುಂದೆ ಕೊಳ್ಳುವವನಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಹಾಗಾಗಿ ಮಾರುವಾಗಲೂ ಅಗ್ಗವಾಗಿಯೇ ಹೋಗುತ್ತದೆ. ಇನ್ನೊಂದು, ಬಡಾವಣೆ ಒಳಗಿನ ರಸ್ತೆ ಅಗಲವಾಗಿದ್ದರೆ ಸಾಲದು. ಮುಖ್ಯರಸ್ತೆಯಿಂದ ಬಡಾವಣೆವರೆಗಿನ ದಾರಿ ಯಾರ ಹೊಲದ ಮೇಲೆ ಹಾದಿದೆ ಎಂದು ಸರ್ವೆ ನಕ್ಷೆಯಲ್ಲಿ ನೋಡಿ.

ಇನ್ನು ಮಳಿಗೆ. 23 ಲಕ್ಷಕ್ಕೆ ಮಂಡಿಪೇಟೆಯಲ್ಲೋ ಅಶೋಕ ರಸ್ತೆಯಲ್ಲೋ ಹುಡುಕಿ ಸುಸ್ತಾಗಬೇಡಿ. ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ ಥರದ ಕಡೆ ಮನೆಗಳ ನಡುವೆ ದಿನಸಿ, ಔಷಧಿ, ಬೇಕರಿ ಸಾಲಾಗಿರುವ ರಸ್ತೆಗಳನ್ನು ನೋಡಿ. ಸಣ್ಣ ಮಳಿಗೆ, ಬಾಡಿಗೆ 12,000 ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೊಮ್ಮೆ ಬಾಡಿಗೆದಾರ ಬದಲಾಗಿ 6 ತಿಂಗಳು ಖಾಲಿ ಬೀಳುತ್ತದೆ ಎಂದರೆ ವರ್ಷಕ್ಕೆ ಸರಾಸರಿ 10 ತಿಂಗಳ ಬಾಡಿಗೆ. ಕಂದಾಯ, ಶಟರ್ ರಿಪೇರಿ ಕಳೆದು 1,08,000. ಈ ಲೆಕ್ಕದಲ್ಲಿ 5 ವರ್ಷದ ಮೇಲೆ 28.7 ಲಕ್ಷಕ್ಕೆ ಮಾರಿದರೆ ಬ್ಯಾಂಕಿಗೆ ಸಮ. ಮಳಿಗೆ ಕೊಳ್ಳುವವನು ಬಾಡಿಗೆ ನೋಡಿಯೇ ಬೆಲೆ ಕಟ್ಟುತ್ತಾನೆ. ಕರಾರಿನಲ್ಲಿ ವರ್ಷಕ್ಕೆ 5% ಏರಿಕೆ ಬರೆಸಿದ್ದರೆ 5 ವರ್ಷಕ್ಕೆ ಬಾಡಿಗೆ 15,300 ಆಗುತ್ತದೆ, ಅದೇ ಪ್ರಮಾಣದಲ್ಲಿ ಬೆಲೆ 29.3 ಲಕ್ಷ. ನೆಲದ ಬೆಲೆ ಹಾರುವುದನ್ನು ಕಾಯದೆ ಗುರಿ ಮುಟ್ಟುವುದು ಮೂರರಲ್ಲಿ ಇದೊಂದೇ.

ಅದೇ ಮಳಿಗೆ ಮೊದಲ ಮಹಡಿಯಲ್ಲೋ ಕಾಂಪ್ಲೆಕ್ಸಿನ ಒಳಮೂಲೆಯಲ್ಲೋ ಇದ್ದರೆ ಲೆಕ್ಕ ತಲೆಕೆಳಗು. ಬಾಡಿಗೆ 6,000, ವರ್ಷಕ್ಕೆ 6 ತಿಂಗಳು ಖಾಲಿ. ಖರ್ಚು ಕಳೆದು ಕೈಗೆ 24,000. ನೂರಕ್ಕೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಆದ್ದರಿಂದ ಸಂಜೆ 7 ಗಂಟೆಗೆ ಹೋಗಿ ಆ ಸಾಲಿನಲ್ಲಿ ಎಷ್ಟು ಶಟರ್ ಮುಚ್ಚಿವೆ ಎಂದು ಎಣಿಸಿ. ಮಾರುವವರು ಬಾಡಿಗೆದಾರನ ಸಮೇತ ಮಾರುತ್ತಿದ್ದರೆ ಕರಾರು ಪತ್ರವನ್ನಷ್ಟೇ ನಂಬಬೇಡಿ. ಬೆಲೆ ಏರಿಸಲು ನೆಂಟರ ಹೆಸರಲ್ಲಿ ಹೆಚ್ಚು ಬಾಡಿಗೆಯ ಕರಾರು ಮಾಡಿಸಿಟ್ಟಿರುತ್ತಾರೆ. 12 ತಿಂಗಳ ಬಾಡಿಗೆ ಬ್ಯಾಂಕ್ ಖಾತೆಗೆ ಬಿದ್ದದ್ದನ್ನು ನೋಡಿ, ಮೀಟರಿನ ಕರೆಂಟ್ ಬಿಲ್ ಕೇಳಿ. ವ್ಯಾಪಾರ ನಡೆಯದ ಅಂಗಡಿಯ ಬಿಲ್ಲಿನಲ್ಲಿ ಯೂನಿಟ್ ಇರುವುದಿಲ್ಲ. ಪಾಲಿಕೆ ಮಳಿಗೆಯನ್ನು "ಗುಡ್‌ವಿಲ್"ಗೆ ಕೊಡುತ್ತೇವೆ ಎಂದರೆ ಬೇಡ ಅನ್ನಿ: ಅಲ್ಲಿ ಕೈ ಬದಲಾಗುವುದು ಬಾಡಿಗೆಯ ಹಕ್ಕು, ಮಾಲೀಕತ್ವವಲ್ಲ.

ನಿಮ್ಮ ಕಡೆಯಿಂದ ಬಾಡಿಗೆ ಕರಾರು ಮಾಡುವಾಗ ಒಂದು ವರ್ಷ ಮೀರಿದ ಅವಧಿ ಹಾಕಿದರೆ ನೋಂದಣಿ ಕಡ್ಡಾಯ. 11 ತಿಂಗಳದ್ದು ಮಾಡಿದರೆ ಆ 5% ಏರಿಕೆಗೆ ಪ್ರತಿ ವರ್ಷ ಹೊಸದಾಗಿ ಚೌಕಾಸಿ ಮಾಡಬೇಕು. ಮೂರು ವರ್ಷದ್ದನ್ನು ಖರ್ಚಾದರೂ ನೋಂದಣಿ ಮಾಡಿಸಿ, ಏರಿಕೆಯ ಮೊತ್ತವನ್ನು ವರ್ಷವಾರು ರೂಪಾಯಿಯಲ್ಲೇ ಬರೆಸಿ: ಮೊದಲ ವರ್ಷ 12,000, ಎರಡನೇ ವರ್ಷ 12,600, ಮೂರನೇ ವರ್ಷ 13,230.