ಮಾರ್ಚ್ 31 ಎಂಬ ಒಂದು ತಾರೀಕು

ಶಿರಸಿಯಲ್ಲಿ ಜುಲೈ ಮಳೆ ಶುರುವಾದರೆ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳುವ ಹಾಗಿಲ್ಲ. ಪಕ್ಕದ ಮನೆಯ ಹುಡುಗಿ ಶುಕ್ರವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದದ್ದು ಅದೇ ಗಡಿಬಿಡಿಯಲ್ಲಿ. ಬೆಂಗಳೂರಿನ ಕಂಪನಿಯೊಂದರಿಂದ ಆಫರ್ ಬಂದಿತ್ತು, ಅದರ ಬೆನ್ನಿಗೇ ಹಿನ್ನೆಲೆ ಪರಿಶೀಲನೆಯ ಫಾರ್ಮ್. ಭಾನುವಾರ ರಾತ್ರಿಯೊಳಗೆ ತುಂಬಿ ಕಳಿಸಬೇಕು. ಹೆಸರು, ವಿಳಾಸ, ಓದು ಎಲ್ಲ ತುಂಬಿ, ಹಿಂದಿನ ಕೆಲಸದ ತಾರೀಕಿನ ಹತ್ತಿರ ನಿಂತುಬಿಟ್ಟಿದ್ದಳು.

ನಿಲ್ಲಲು ಕಾರಣವಿತ್ತು. ಮೊದಲ ಕಂಪನಿಯ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ 17-06-2019, ಕೊನೆಯ ದಿನ 11-03-2022. ಭವಿಷ್ಯನಿಧಿಯ ಜಾಲತಾಣದಲ್ಲಿ ಅದೇ ಕಂಪನಿಗೆ ಸೇರಿದ ದಿನ 01-09-2019, ಬಿಟ್ಟ ದಿನ 31-03-2022. ಎರಡನೇ ಕಂಪನಿಗೆ ಸೇರಿದ್ದು 23-03-2022, ಅದು ಎರಡೂ ಕಡೆ ಸರಿಯಾಗಿಯೇ ಇದೆ. ಪಿಎಫ್ ದಾಖಲೆಯನ್ನು ಮಾತ್ರ ಓದುವವರಿಗೆ ಮಾರ್ಚ್ 23ರಿಂದ 31ರವರೆಗೆ, ಅಂದರೆ ಒಂಬತ್ತು ದಿನ, ಈಕೆ ಎರಡು ಕಂಪನಿಗಳಲ್ಲಿ ಒಟ್ಟಿಗೇ ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಸೇರಿದ ದಿನದ ವ್ಯತ್ಯಾಸ ಅಷ್ಟು ಗಂಭೀರವಲ್ಲ. ಮೊದಲ ಎರಡೂವರೆ ತಿಂಗಳು ಟ್ರೇನಿಂಗ್, ಆಗ ಸ್ಟೈಪೆಂಡ್ ಮಾತ್ರ, ಪಿಎಫ್ ಕಡಿತ ಇರಲಿಲ್ಲ. ನೇಮಕಾತಿ ಪತ್ರದಲ್ಲಿ ಅದು ಬರೆದೇ ಇತ್ತು, ಕಂಪನಿ ಕೊಟ್ಟ ಅನುಭವ ಪತ್ರವೂ ಜೂನ್ 17ರಿಂದಲೇ ಎಣಿಸಿತ್ತು. ಒಂದು ಸಾಲಿನಲ್ಲಿ ಮುಗಿಯುವ ವಿವರಣೆ. ಆದರೆ ಬಿಟ್ಟ ದಿನದ್ದು ಬೇರೆಯೇ ವಿಷಯ. ಈಗಿನ ಕಂಪನಿಗಳು ಹೆಚ್ಚು ಹುಡುಕುವುದೇ ಎರಡು ಕೆಲಸ ಒಟ್ಟಿಗೆ ಮಾಡಿದವರನ್ನು. ವ್ಯತ್ಯಾಸ ನಾಲ್ಕು ದಿನದ್ದಿರಲಿ ನಲವತ್ತು ದಿನದ್ದಿರಲಿ, ವರದಿಯಲ್ಲಿ ಅದಕ್ಕೆ ಒಂದೇ ಗುರುತು ಬೀಳಬಹುದು.

ಹಾಗಾಗಿ ಮೊದಲು ಗೊತ್ತಾಗಬೇಕಾದದ್ದು, ಆ 31 ಎಲ್ಲಿಂದ ಬಂತು ಎಂಬುದು. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಲಾಗಿನ್ ಆಗಿ `View` ಮೆನುವಿನ `Service History` ತೆರೆದರೆ ಪ್ರತಿ ಕಂಪನಿಗೂ ಒಂದು ಸಾಲು ಇರುತ್ತದೆ. ಅದರಲ್ಲಿ `DOE EPF` ಎಂಬುದು ಬಿಟ್ಟ ದಿನ. ಸಾಮಾನ್ಯವಾಗಿ ಹಳೆಯ ಕಂಪನಿಯೇ ಅದನ್ನು ತುಂಬುತ್ತದೆ. ತುಂಬದೇ ಬಿಟ್ಟರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಉದ್ಯೋಗಿಯೇ `Manage` ಮೆನುವಿನ `Mark Exit` ಮೂಲಕ ತುಂಬಬಹುದು. ಅಲ್ಲಿ ಕೊನೆಯ ಕಂತು ಯಾವ ತಿಂಗಳ ಸಂಬಳದ್ದೋ ಆ ತಿಂಗಳಿನ ಯಾವ ದಿನವನ್ನಾದರೂ ಆರಿಸಲು ಬಿಡುತ್ತದೆ. ತಪ್ಪಾಗುವುದು ಇಲ್ಲೇ. ತಿಂಗಳು ಸರಿಯಿದ್ದರೆ ಸಾಕು ಎಂದುಕೊಂಡು ಜನ ತಿಂಗಳ ಕೊನೆಯ ದಿನವನ್ನು ಒತ್ತಿಬಿಡುತ್ತಾರೆ. ಒಟಿಪಿ ಹಾಕಿ ಒಪ್ಪಿಸಿದ ಮೇಲೆ ಅದೇ ಪುಟದಲ್ಲಿ ತಿದ್ದಲು ಬರುವುದಿಲ್ಲ.

"ಆ ಕಂಪನಿಯವರೇ ತಪ್ಪು ಹಾಕಿದಾರೆ ಅಂತ ಬರೆದುಬಿಡಲಾ?" ಎಂದು ಅವಳು ಕೇಳಿದಳು. ಬರೆಯುವ ಮೊದಲು ಸ್ವಲ್ಪ ನೆನಪು ಮಾಡಿಕೋ ತಂಗಿ, 2022ರಲ್ಲಿ ಪಿಎಫ್ ವರ್ಗಾವಣೆ ಮಾಡಿಸಿದ್ದೆಯಲ್ಲ, ಆಗ ಏನಾಯಿತು ಎಂದು ಕೇಳಿದ ಮೇಲೆ ಸುಮ್ಮನೆ ಕೂತಳು. ಆಮೇಲೆ, "ಅದು ಆನೇ ಹಾಕಿದ್ದಿ ಮಾವ" ಎಂದಳು. ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ವರ್ಗಾವಣೆಗೆ ಬಿಟ್ಟ ದಿನ ಬೇಕು ಅಂದಾಗ ಮಾರ್ಚ್ 31 ಆರಿಸಿ ಒಟಿಪಿ ಹೇಳಿದ್ದು ಅವಳೇ.

ಇದು ತಿಳಿಯದೆ ಹೊಸ ಕಂಪನಿಗೆ ಹಾಗೆಂದು ವಿವರಣೆಯ ಮೇಲ್ ಕಳಿಸಿದ್ದರೆ ಆಗುತ್ತಿದ್ದ ಹಾನಿ ದೊಡ್ಡದು. ಪರಿಶೀಲನೆ ಮಾಡುವವರು ಹಳೆಯ ಕಂಪನಿಯ ಎಚ್‌ಆರ್‌ಗೆ ನೇರವಾಗಿ ಬರೆದು ಕೇಳುತ್ತಾರೆ. ಕೊನೆಯ ದಿನ ಮಾರ್ಚ್ 11, ಪಿಎಫ್‌ನಲ್ಲಿ ನಾವು ಬಿಟ್ಟ ದಿನ ತುಂಬಿಲ್ಲ ಎಂದು ಅಲ್ಲಿಂದ ಉತ್ತರ ಬಂದರೆ, ತಾರೀಕಿನ ವ್ಯತ್ಯಾಸ ಹಿಂದೆ ಸರಿದು ಸುಳ್ಳು ಹೇಳಿಕೆ ಎಂಬುದು ಮುಂದೆ ಬರುತ್ತದೆ. ದಾಖಲೆಯಲ್ಲಿ ಒಂಬತ್ತು ದಿನ ಒಟ್ಟಿಗೆ ಬಿದ್ದದ್ದನ್ನು ಯಾವ ಕಂಪನಿಯಾದರೂ ಮನ್ನಿಸೀತು, ಸುಳ್ಳು ಕಾರಣವನ್ನು ಮನ್ನಿಸುವುದು ಕಷ್ಟ. ಹಳೆಯ ಕಂಪನಿಯೇ ತುಂಬಿದ್ದಾದರೆ ಹಾಗೆಂದೇ ಬರೆಯಬೇಕು, ಯಾರು ತುಂಬಿದರೋ ನೆನಪಿಲ್ಲವಾದರೆ ತಾರೀಕು ಹೊಂದುತ್ತಿಲ್ಲ ಎಂದಷ್ಟೇ ಬರೆದು ನಿಲ್ಲಿಸಬೇಕು.

ಮಾರ್ಚ್ 11ರ ನಂತರ ಅಲ್ಲಿ ಕೆಲಸ ಮಾಡಿಲ್ಲ ಎಂದು ತೋರಿಸಲು ರಿಲೀವಿಂಗ್ ಲೆಟರ್ ಇದೆ. ಆದರೆ ಅದಕ್ಕಿಂತ ಬಲವಾದ ಸಾಕ್ಷಿ ಆ ಪಿಎಫ್ ಪಾಸ್‌ಬುಕ್ಕಿನಲ್ಲೇ ಇರುತ್ತದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಅವಳ ಪಿಎಫ್ ಲೆಕ್ಕಕ್ಕೆ ಹಿಡಿಯುತ್ತಿದ್ದ ಮೂಲ ವೇತನ ತಿಂಗಳಿಗೆ 15,000 ರೂಪಾಯಿ. ಅದರ ಶೇಕಡಾ 12, ಅಂದರೆ 1,800 ರೂಪಾಯಿ, ತಿಂಗಳು ತಿಂಗಳೂ ಉದ್ಯೋಗಿಯ ಪಾಲಿನಲ್ಲಿ ಸಾಲಾಗಿ ನಿಂತಿತ್ತು. ಮಾರ್ಚ್ 2022ರ ಸಾಲಿಗೆ ಬಂದರೆ ವೇತನ 5,323, ಉದ್ಯೋಗಿಯ ಪಾಲು 639. ಕಾಗದ ತೆಗೆದುಕೊಂಡು 15,000ವನ್ನು 31ರಿಂದ ಭಾಗಿಸಿ 11ರಿಂದ ಗುಣಿಸಿದರೆ 5,322 ರೂಪಾಯಿ 58 ಪೈಸೆ. ಅದರ ಶೇಕಡಾ 12 ಎಂದರೆ 639. ಹನ್ನೊಂದು ದಿನದ ಸಂಬಳ ಮಾತ್ರ ಕೊಟ್ಟಿದ್ದಾರೆ ಎಂಬುದನ್ನು ಸರ್ಕಾರಿ ದಾಖಲೆಯೇ ಹೇಳುತ್ತಿದೆ. ಬಿಟ್ಟ ದಿನವನ್ನು ಯಾರೋ ಕೈಯಿಂದ ತುಂಬಿರುತ್ತಾರೆ, ಈ 639 ಮಾತ್ರ ಕಂಪನಿ ನಿಜವಾಗಿ ಕಟ್ಟಿದ ಹಣ.

ಅದೇ ಸಾಲಿನಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಮಾರ್ಚ್ ಸಂಬಳದ ಕಂತನ್ನು ಏಪ್ರಿಲ್ 15ರೊಳಗೆ ಕಟ್ಟುವುದು ನಿಯಮ. ಹಾಗಾಗಿ ಆ ಸಾಲಿನ ವಿವರದಲ್ಲಿ `Cont. For Due-Month 042022` ಎಂದಿರುತ್ತದೆ, ಪಕ್ಕದ ತಾರೀಕೂ ಏಪ್ರಿಲ್‌ನದೇ. ಅವಸರದಲ್ಲಿ ನೋಡುವವರು ಏಪ್ರಿಲ್‌ನಲ್ಲೂ ಅಲ್ಲೇ ಇದ್ದಳೆಂದು ಓದಿಬಿಡುತ್ತಾರೆ. 042022 ಎನ್ನುವುದು ಹಣ ಕಟ್ಟಬೇಕಾದ ತಿಂಗಳು, ಅದರ ಎಡಕ್ಕಿರುವ ವೇತನದ ತಿಂಗಳು ಮಾರ್ಚ್. ಮೇಲ್‌ನಲ್ಲಿ ಇದನ್ನು ಅರ್ಧ ಸಾಲು ಹೇಳುವುದು ಒಳ್ಳೆಯದು.

ಈ ಲೆಕ್ಕ ಎಲ್ಲರಿಗೂ ಹೀಗೆ ಕೂಡಿಬರುವುದಿಲ್ಲ. ಮೂಲ ವೇತನ 50,000 ಇದ್ದು ಕಂಪನಿ ಪಿಎಫ್ ಅನ್ನು 15,000ದ ಮಿತಿಗೆ ಮಾತ್ರ ಕಟ್ಟುತ್ತಿದ್ದರೆ, ಹನ್ನೊಂದು ದಿನದ ವೇತನವೇ 17,000 ದಾಟುತ್ತದೆ, ಆಗ ಕೊನೆಯ ತಿಂಗಳಲ್ಲೂ ಪೂರ್ತಿ 1,800 ಕಾಣಿಸಬಹುದು. ಅಂಥವರಿಗೆ ಪಾಸ್‌ಬುಕ್ ನೆರವಿಗೆ ಬರುವುದಿಲ್ಲ. ಅವರು ಅಂತಿಮ ಲೆಕ್ಕದ ಹಾಳೆ ಹುಡುಕಬೇಕು. ಕೊನೆಯ ತಿಂಗಳು ಎಷ್ಟು ದಿನಕ್ಕೆ ಸಂಬಳ ಎಂದು ಅದರಲ್ಲಿ ಬರೆದಿರುತ್ತದೆ.

ಇಷ್ಟು ಕೈಗೆ ಬಂದ ಮೇಲೆ ಅವಳು ರಿಕ್ರೂಟರ್‌ಗೆ ಫೋನ್ ಮಾಡಿದಳು. ಅತ್ತ ಕಡೆಯ ಮೇಡಂ ಒಳ್ಳೆಯವರು. ಒಂಬತ್ತು ದಿನ ತಾನೇ, ಪರವಾಗಿಲ್ಲ, ಫಾರ್ಮ್ ಹಾಕಿಬಿಡಿ ಅಂದರು. ಇಲ್ಲಿಗೇ ಬಿಟ್ಟಿದ್ದರೆ ತಪ್ಪಾಗುತ್ತಿತ್ತು. ರಿಕ್ರೂಟರ್ ಪರಿಶೀಲನೆ ಮಾಡುವುದಿಲ್ಲ, ವರದಿಯ ಮೇಲೆ ತೀರ್ಮಾನವನ್ನೂ ಕೊಡುವುದಿಲ್ಲ. ಫಾರ್ಮ್ ಹೋಗುವುದು ಹೊರಗಿನ ಏಜೆನ್ಸಿಗೆ, ವರದಿ ಬರುವುದು ಕಂಪನಿಯ ಬೇರೊಂದು ತಂಡಕ್ಕೆ. ಫೋನಿನ ಮಾತು ಅಲ್ಲಿಗೆ ತಲುಪುವುದಿಲ್ಲ. ಫಾರ್ಮ್ ಒಪ್ಪಿಸುವ ಮೊದಲು ಕಳಿಸಿದ ಮೇಲ್ ಸ್ವತಃ ತಿಳಿಸಿದ ಮಾಹಿತಿಯಾಗುತ್ತದೆ. ಅದೇ ಮಾತನ್ನು ವರದಿ ಬಂದ ಮೇಲೆ ಬರೆದರೆ ಆಕ್ಷೇಪಣೆಗೆ ಕೊಟ್ಟ ಸಮಜಾಯಿಷಿಯಾಗುತ್ತದೆ. ಅದಕ್ಕೇ "ಮೇಡಂ, ಒಂದು ಸಣ್ಣ ಮೇಲ್ ಹಾಕ್ತೇನೆ, ಪರಿಶೀಲನೆ ತಂಡಕ್ಕೂ ಕಳಿಸಿ" ಎಂದು ಕೇಳಿಕೊಂಡು ಫೋನ್ ಇಟ್ಟಳು.

ಮೇಲ್ ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು, ಅರ್ಧ ಸಮಯ ಹೋದದ್ದು ಅಳಿಸುವುದಕ್ಕೆ. ಮೊದಲ ಕರಡಿನಲ್ಲಿ ಮೂರು ಕಡೆ ಕ್ಷಮೆ ಕೇಳಿದ್ದಳು, ಅಪ್ಪನಿಗೆ ಹುಷಾರಿಲ್ಲದ್ದನ್ನೂ ಬರೆದಿದ್ದಳು. ಓದುವವರಿಗೆ ಬೇಕಾದದ್ದು ಅದಲ್ಲ. ಕೊನೆಗೆ ಉಳಿದದ್ದರ ತಿರುಳು ಇಷ್ಟು:

"ಮೊದಲ ಕಂಪನಿಯಲ್ಲಿ ನಾನು ಕೆಲಸ ಮಾಡಿದ್ದು 17-06-2019ರಿಂದ 11-03-2022ರವರೆಗೆ, ಫಾರ್ಮ್‌ನಲ್ಲೂ ಇದನ್ನೇ ತುಂಬುತ್ತಿದ್ದೇನೆ. ಪಿಎಫ್ ದಾಖಲೆಯಲ್ಲಿ ಎರಡು ವ್ಯತ್ಯಾಸಗಳಿವೆ. ಸೇರಿದ ದಿನ 01-09-2019 ಎಂದಿದೆ, ಏಕೆಂದರೆ ಅದಕ್ಕೂ ಮೊದಲಿನ ತರಬೇತಿ ಅವಧಿಯಲ್ಲಿ ಪಿಎಫ್ ಕಡಿತವಿರಲಿಲ್ಲ. ಬಿಟ್ಟ ದಿನ 31-03-2022 ಎಂದಿದೆ, ಅದನ್ನು ಪಿಎಫ್ ವರ್ಗಾವಣೆಯ ಸಮಯದಲ್ಲಿ ನಾನೇ ತಪ್ಪಾಗಿ ತುಂಬಿದ್ದೆ. ಮಾರ್ಚ್ 2022ಕ್ಕೆ ಆ ಕಂಪನಿ ಕಟ್ಟಿದ್ದು 11 ದಿನದ ವೇತನದ ಮೇಲಿನ ಕಂತು ಮಾತ್ರ, ಅದು ಏಪ್ರಿಲ್‌ನಲ್ಲಿ ಜಮೆಯಾಗಿದೆ. 23-03-2022ರಿಂದ ನಾನು ಎರಡನೇ ಕಂಪನಿಯಲ್ಲಿ ಮಾತ್ರ ಇದ್ದೆ."

ಲಗತ್ತು ನಾಲ್ಕೇ. ನೇಮಕಾತಿ ಪತ್ರ, ರಿಲೀವಿಂಗ್ ಲೆಟರ್, `Service History` ಪುಟ, ಮತ್ತು ಮಾರ್ಚ್ 2022ರ ಸಾಲು ಇರುವ ಆ ಒಂದು ವರ್ಷದ ಪಾಸ್‌ಬುಕ್. ಪಾಸ್‌ಬುಕ್ ವರ್ಷವಾರು ಬೇರೆ ಬೇರೆ ಇಳಿಸಿಕೊಳ್ಳಲು ಬರುವುದರಿಂದ ಎಲ್ಲ ವರ್ಷದ್ದನ್ನು ಕೊಡುವ ಅಗತ್ಯವಿಲ್ಲ. ಇಳಿಸಿಕೊಂಡ ಪಿಡಿಎಫ್ ಮೇಲೆ ಗೆರೆ ಎಳೆಯುವುದು, ಮೊತ್ತ ಮುಚ್ಚುವುದು ಬೇಡ, ತಿದ್ದಿದ ಕಡತದಂತೆ ಕಾಣುತ್ತದೆ. ಯಾವ ಸಾಲು ನೋಡಬೇಕೆಂದು ಮೇಲ್‌ನಲ್ಲೇ ಹೇಳಿದರೆ ಸಾಕು.

ಫಾರ್ಮ್‌ನಲ್ಲಿ ತುಂಬಬೇಕಾದ ತಾರೀಕು ಯಾವುದು ಎಂಬ ಅನುಮಾನ ಅವಳಿಗೆ ಕೊನೆಯವರೆಗೂ ಇತ್ತು. ಪಿಎಫ್‌ನಲ್ಲಿರುವುದನ್ನೇ ಹಾಕಿದರೆ ಎರಡೂ ಹೊಂದುತ್ತದಲ್ಲ ಎಂಬುದು ಅವಳ ವಾದ. ಹಾಗೆ ಮಾಡಿದರೆ ಪಿಎಫ್ ಜೊತೆ ಹೊಂದಿ ರಿಲೀವಿಂಗ್ ಲೆಟರ್ ಜೊತೆಗೂ ಎಚ್‌ಆರ್ ಉತ್ತರದ ಜೊತೆಗೂ ತಪ್ಪುತ್ತದೆ, ಮೇಲಾಗಿ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ್ದನ್ನು ಸ್ವತಃ ಒಪ್ಪಿಕೊಂಡ ಹಾಗಾಗುತ್ತದೆ. ಕೆಲಸ ಮಾಡಿದ ದಿನಗಳನ್ನೇ ತುಂಬಬೇಕು. ಷರಾ ಬರೆಯುವ ಪೆಟ್ಟಿಗೆಯಲ್ಲಿ "ಪಿಎಫ್ ತಾರೀಕಿನ ವ್ಯತ್ಯಾಸದ ಬಗ್ಗೆ ಇಂಥ ದಿನ ಮೇಲ್ ಕಳಿಸಿದ್ದೇನೆ" ಎಂದು ಒಂದು ಸಾಲು ಸೇರಿಸಿದಳು.

ಶನಿವಾರ ಬೆಳಿಗ್ಗೆ ಮೇಡಂ ಉತ್ತರ ಬರೆದರು, ಪರಿಶೀಲನೆ ತಂಡವನ್ನೂ ಅದರಲ್ಲಿ ಸೇರಿಸಿ. ಆ ಉತ್ತರ ಬಂದ ಮೇಲೆಯೇ ಅವಳು ಫಾರ್ಮ್ ಒಪ್ಪಿಸಿದಳು.

ಪಿಎಫ್‌ನಲ್ಲಿನ ತಾರೀಕನ್ನು ಜಂಟಿ ಘೋಷಣೆಯ ಅರ್ಜಿ ಹಾಕಿ ತಿದ್ದಿಸಲು ಅವಕಾಶವಿದೆ, ಸಂದರ್ಭ ನೋಡಿಕೊಂಡು ಅದಕ್ಕೆ ಹಳೆಯ ಕಂಪನಿಯ ಒಪ್ಪಿಗೆಯೂ ಬೇಕಾಗುತ್ತದೆ. ಈಗಲೇ ಹಾಕಿಬಿಡುತ್ತೇನೆ ಎಂದು ಅವಳು ಹೊರಟಿದ್ದಳು. ವರದಿ ಬರುವ ತನಕ ತಡಿ ಎಂದು ಹೇಳಿದ್ದಾಯಿತು. ಪರಿಶೀಲನೆಯ ನಡುವೆ ದಾಖಲೆ ಬದಲಾದರೆ, ಮೇಲ್‌ಗೆ ಲಗತ್ತಿಸಿದ `Service History` ಒಂದು ತಾರೀಕು ಹೇಳುತ್ತದೆ, ಏಜೆನ್ಸಿಯವರ ಪರದೆ ಇನ್ನೊಂದು ಹೇಳುತ್ತದೆ, ಆಗ ಮತ್ತೊಂದು ಮೇಲ್ ಬರೆಯಬೇಕಾಗುತ್ತದೆ.