ಅರವತ್ತು ಎಂಎಲ್, ಮೂರು ಪಾಲು

ಧಾರವಾಡದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಅವತ್ತು ಬಿಎಸ್ಸಿ ಹುಡುಗರಿಗೆ ಚಹಾಪುಡಿಯಿಂದ ಕೆಫೀನ್ ತೆಗೆಯುವ ಪ್ರಯೋಗವಿತ್ತು. ಚಹಾ ಕುದಿಸಿ, ಸೋಡಿಯಂ ಕಾರ್ಬೊನೇಟ್ ಹಾಕಿ, ಸೋಸಿ, ಆರಿಸಿ ಇಟ್ಟಿದ್ದೆವು. ಪೂರ್ತಿ ಆರಲೇಬೇಕು. ಕೆಫೀನ್ ಎಳೆದುಕೊಳ್ಳುವ ದ್ರಾವಕ ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುತ್ತದೆ, ಬಿಸಿ ಡಿಕಾಕ್ಷನ್‌ಗೆ ಹಾಕಿದರೆ ಫನಲ್‌ನ ಬಿರಡೆಯೇ ಹಾರೀತು.

ಮೂರು ಸಲ 20 ಎಂಎಲ್ ಹಾಕಿ ಅಂದೆ. ಒಬ್ಬ ಹುಡುಗ ಕೇಳಿದ, "ಮೇಡಂ, ಅರವತ್ತೂ ಒಮ್ಮೆಲೇ ಹಾಕಿಬಿಟ್ರ ಆತಲ್ರೀ?"

"ಮೊದಲು ಲೆಕ್ಕ ಹಾಕೋಣ ಬಾ," ಅಂದು ಬೋರ್ಡಿನ ಹತ್ತಿರ ಕರೆದೆ.

100 ಎಂಎಲ್ ಡಿಕಾಕ್ಷನ್‌ನಲ್ಲಿ 200 ಮಿಲಿಗ್ರಾಂ ಕೆಫೀನ್ ಇದೆ ಅಂದುಕೊಳ್ಳಿ. ಸೇರದ ಎರಡು ದ್ರವಗಳ ನಡುವೆ ಕೆಫೀನ್ ಹಂಚಿಕೊಳ್ಳುವಾಗ, ಎರಡರಲ್ಲೂ ಇರುವ ಕೆಫೀನಿನ ಸಾಂದ್ರತೆಗಳ ಅನುಪಾತ ಒಂದೇ ಆಗಿರುತ್ತದೆ. ಲೆಕ್ಕಕ್ಕೆ ಅದನ್ನು 8 ಅಂತ ಇಟ್ಟುಕೊಂಡೆವು. ಅಂದರೆ ಒಂದು ಎಂಎಲ್ ನೀರಿನಲ್ಲಿ ಇರುವುದರ ಎಂಟರಷ್ಟು ಒಂದು ಎಂಎಲ್ ದ್ರಾವಕದಲ್ಲಿ ಇರುತ್ತದೆ.

ಅರವತ್ತೂ ಒಮ್ಮೆಲೇ ಹಾಕಿದರೆ ನೀರಿನಲ್ಲಿ ಉಳಿಯುವ ಪಾಲು 100/(100 + 8×60). ಅಂದರೆ ಸುಮಾರು 34 ಮಿಲಿಗ್ರಾಂ. ಇಪ್ಪತ್ತಿಪ್ಪತ್ತು ಹಾಕಿದರೆ ಪ್ರತಿ ಸಲ ಉಳಿಯುವ ಪಾಲು 100/260. ಮೊದಲ ಸಲ 123 ಹೊರಗೆ ಬರುತ್ತದೆ, ಎರಡನೇ ಸಲ 47, ಮೂರನೇ ಸಲ 18. ಉಳಿಯುವುದು ಬರೀ 11.

ಹುಡುಗನಿಗೆ ಇನ್ನೂ ಸಮಾಧಾನವಿಲ್ಲ. "ದ್ರಾವಕ ಅಷ್ಟ ಐತಲ್ರೀ ಮತ್ತ?"

ಪಕ್ಕದ ಹುಡುಗಿ ಥಟ್ಟನೆ ಅಂದಳು, "ನಳ ನಾಕೈದು ದಿನಕ್ಕೊಮ್ಮೆ ಬರ್ತದಲ್ಲೋ, ನಮ್ಮವ್ವ ಬಟ್ಟಿ ಜಾಲಾಡ್ಸೂದು ಹಿಂಗ. ಒಂದ ಬಕೆಟ್ ನೀರು, ಅರ್ಧರ್ಧ ಮಾಡಿ ಎರಡು ಸಲ." ನನಗೆ ವಿವರಿಸುವ ಕೆಲಸ ಅರ್ಧ ಕಡಿಮೆಯಾಯಿತು. ದ್ರಾವಕಕ್ಕೆ ಲೆಕ್ಕ ಇರುವುದು ಅನುಪಾತದ್ದು. ಒಮ್ಮೆ ಎಂಟರಷ್ಟು ತುಂಬಿಕೊಂಡ ಮೇಲೆ ಅದು ನೀರಿನಿಂದ ಮತ್ತೆ ಎಳೆದುಕೊಳ್ಳುವುದಿಲ್ಲ. ಅದನ್ನು ತೆಗೆದಿಟ್ಟು ಹೊಸದು ಹಾಕಿದರೆ, ಅದರಲ್ಲಿ ಕೆಫೀನ್ ಸೊನ್ನೆ. ಹಾಗಾಗಿ ಮತ್ತೆ ಎಂಟರಷ್ಟು ಆಗುವವರೆಗೆ ಎಳೆಯುತ್ತದೆ.

ಆಮೇಲೆ ಕೆಲಸ ಶುರು. ಫನಲ್ ತಲೆಕೆಳಗೆ ಮಾಡಿ, ನಲ್ಲಿ ತೆಗೆದು ಆವಿ ಬಿಡುವುದು, ಮೆಲ್ಲಗೆ ತಿರುಗಿಸುವುದು. ಡೈಕ್ಲೋರೋಮೀಥೇನ್ ನೀರಿಗಿಂತ ಭಾರ, ಕೆಳಗೆ ನಿಲ್ಲುತ್ತದೆ. ಒಂದು ಗುಂಪು ಜೋರಾಗಿ ಕುಲುಕಿತು. ಎರಡು ಪದರಗಳ ನಡುವೆ ಕಂದು ನೊರೆಯಂಥ ಪಟ್ಟಿ ನಿಂತುಬಿಟ್ಟಿತು. ಚಹಾದಲ್ಲಿ ಇದು ಮಾಮೂಲು. ಸ್ವಲ್ಪ ಉಪ್ಪು ಹಾಕಿ ಕಾದ ಮೇಲೆ ಒಡೆಯಿತು.

"ಹಂಗಾರ ಹತ್ತತ್ತು ಎಂಎಲ್ ಆರು ಸಲ?" ಅದೇ ಹುಡುಗ. ಲೆಕ್ಕ ಅವನೇ ಹಾಕಿದ. ಉಳಿಯುವುದು 11ರ ಬದಲು 6. ಆ ಐದು ಮಿಲಿಗ್ರಾಂಗಾಗಿ ಇನ್ನೂ ಮೂರು ಸಲ ಕುಲುಕಬೇಕು, ಪ್ರತಿ ಸಲ ಆ ನೊರೆಪಟ್ಟಿಯಲ್ಲಿ ಒಂದಿಷ್ಟು ದ್ರಾವಕ ಸಿಕ್ಕಿಕೊಳ್ಳುತ್ತದೆ. ಅವನು ಸುಮ್ನೆ ಮೂರನೇ ಇಪ್ಪತ್ತು ಎಂಎಲ್ ಅಳೆಯಲು ಹೋದ.