ಪಹಣಿಯ ಚುಕ್ಕೆ ದಶಮಾಂಶವಲ್ಲ

ಅನುವಾದದ ತಪ್ಪು ಹುಡುಕುವ ಟೂಲಿನ ಕ್ಯೂಎ ರಿಪೋರ್ಟ್ ಪೂರ್ತಿ ಹಸಿರಾಗಿ ಬಂದಿತ್ತು. ಮೂಲದಲ್ಲಿ ಇದ್ದ ಪ್ರತಿ ಅಂಕಿಯೂ ಇಂಗ್ಲಿಷಿನಲ್ಲಿ ಇದೆ, ಒಂದೂ ತಪ್ಪಿಲ್ಲ ಅಂತ ಟೂಲ್ ಹೇಳುತ್ತಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಅದನ್ನು ನೋಡಿ, "ಮೇಡಂ, ಒಂದು ಸಲ ಕಣ್ಣಾಡಿಸಿ ಸೈನ್ ಆಫ್ ಮಾಡಿಬಿಡಿ, ಆರು ಗಂಟೆಗೆ ಡೆಲಿವರಿ" ಅಂದರು. ಫೈಲು ತೆಗೆದಾಗ ನಾಲ್ಕೂವರೆ ಆಗಿತ್ತು. ತುಮಕೂರು ಜಿಲ್ಲೆಯ ಒಂದು ಜಮೀನಿನ ಪಹಣಿ, ಜೊತೆಗೆ ಹಕ್ಕು ಬದಲಾವಣೆ ದಾಖಲಿಸುವ ಎಂ.ಆರ್. ಪ್ರತಿ. ಮೂವರು ವಾರಸುದಾರರಲ್ಲಿ ಒಬ್ಬರು ಆಸ್ಟ್ರೇಲಿಯಾದಲ್ಲಿದ್ದಾರೆ, ಅಲ್ಲಿನ ವಕೀಲರು ದೃಢೀಕರಿಸಿದ ಇಂಗ್ಲಿಷ್ ಅನುವಾದ ಕೇಳಿದ್ದಾರೆ. ಅವರ ಅನುಕೂಲಕ್ಕೆ ವಿಸ್ತೀರ್ಣದ ಪಕ್ಕದಲ್ಲಿ ಹೆಕ್ಟೇರಿನ ಅಂಕಣವೂ ಬೇಕು.

ಮೂಲದಲ್ಲಿ ಮೂರನೇ ಕಾಲಂ ಹೀಗಿತ್ತು: ಒಟ್ಟು ವಿಸ್ತೀರ್ಣ 4.12.00, ಅ ಖರಾಬು 0.06.00, ಬ ಖರಾಬು 0.14.00, ಉಳಿದದ್ದು 3.32.00. ಅನುವಾದದಲ್ಲಿ ಇವೇ ಅಂಕಿಗಳು, ಕೊನೆಯ ಎರಡು ಸೊನ್ನೆ ಮಾತ್ರ ಬಿಟ್ಟು, 4.12 ಎಕರೆ, 0.06 ಎಕರೆ, 0.14 ಎಕರೆ, 3.32 ಎಕರೆ ಅಂತ ಬಂದಿದ್ದವು. ಅಂಕಿಗೆ ಅಂಕಿ ತಾಳೆ ಹಾಕುವ ಟೂಲಿಗೆ ಇದರಲ್ಲಿ ದೋಷ ಕಾಣುವುದಿಲ್ಲ. ಆದರೆ ಪಹಣಿಯಲ್ಲಿರುವ ಚುಕ್ಕೆ ಎಕರೆ, ಗುಂಟೆ, ಆಣೆಗಳನ್ನು ಬೇರ್ಪಡಿಸುವ ಗೆರೆ ಅಷ್ಟೇ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. 4.12 ಅಂದರೆ ನಾಲ್ಕು ಎಕರೆ ಹನ್ನೆರಡು ಗುಂಟೆ. ದಶಮಾಂಶದಲ್ಲಿ ಬರೆಯಲೇಬೇಕು ಅಂದರೆ ಅದು 4.30 ಎಕರೆ.

ಇದನ್ನು ಪ್ರೂಫ್ ನೋಡುವವರು ನೆನಪಿನ ಮೇಲೆ ಹಿಡಿಯಬೇಕಾಗಿಲ್ಲ, ಆ ಹಾಳೆಯೇ ಹೇಳಿಕೊಡುತ್ತದೆ. ಒಟ್ಟು ವಿಸ್ತೀರ್ಣದಿಂದ ಎರಡೂ ಖರಾಬು ಕಳೆದರೆ ಉಳಿದದ್ದು ಬರಬೇಕು. ದಶಮಾಂಶ ಅಂದುಕೊಂಡು ಕಳೆಯಿರಿ: 4.12ರಲ್ಲಿ 0.20 ಹೋದರೆ 3.92. ಹಾಳೆಯಲ್ಲಿ ಇರುವುದು 3.32. ಈಗ ಗುಂಟೆಯಲ್ಲಿ ಕಳೆಯಿರಿ: ನಾಲ್ಕು ಎಕರೆ ಹನ್ನೆರಡು ಗುಂಟೆ ಅಂದರೆ 172 ಗುಂಟೆ, ಅದರಲ್ಲಿ 20 ಹೋದರೆ 152, ಅಂದರೆ ಮೂರು ಎಕರೆ ಮೂವತ್ತೆರಡು ಗುಂಟೆ. ಕೂಡಿಬಂತು. ಒಂಬತ್ತನೇ ಕಾಲಮ್ಮಿನ ಮೂರು ಪಾಲುಗಳನ್ನೂ ಹಾಗೇ ಕೂಡಿದೆ. 1-30, 1-10, 0-32 ಸೇರಿ 152 ಗುಂಟೆ. ದಶಮಾಂಶದಲ್ಲಿ ಕೂಡಿದರೆ 2.72 ಆಗಿ ಎಲ್ಲಿಗೂ ಹೊಂದುವುದಿಲ್ಲ. ನಲವತ್ತಕ್ಕೆ ದಶಕ ಏರುವ ಕಡೆ ಮಾತ್ರ ಈ ಪರೀಕ್ಷೆ ಫಲ ಕೊಡುತ್ತದೆ. ಗುಂಟೆಗಳೆಲ್ಲ ಸಣ್ಣವಾಗಿದ್ದು ಎಲ್ಲೂ ಏರದೆ ಹೋದರೆ ತಪ್ಪು ಲೆಕ್ಕವೂ ಸರಿಯಾಗಿಯೇ ಕೂಡಿಬರುತ್ತದೆ. ಅಂಥ ಹಾಳೆಯಲ್ಲಿ ಜಿಲ್ಲೆ ಯಾವುದು ಅಂತ ನೋಡಿ, ಅಲ್ಲಿ ನಡೆಯುವ ಅಳತೆ ಯಾವುದು ಅಂತ ತಿಳಿದುಕೊಳ್ಳದೆ ಗತಿಯಿಲ್ಲ.

ಅನುವಾದ ಮಾಡಿದ ಹುಡುಗನಿಗೆ ಫೋನ್ ಮಾಡಿದೆ. ಅವನು ಮಂಗಳೂರು ಕಡೆಯವನು, ಕೆಲಸದಲ್ಲಿ ಶ್ರದ್ಧೆ ಇರುವವನು. "ನಮ್ಮಲ್ಲಿ ಒಂದು ಪಾಯಿಂಟ್ ಇಪ್ಪತ್ತೈದು ಅಂದ್ರೆ ಒಂದು ಎಕ್ರೆ ಇಪ್ಪತ್ತೈದು ಸೆಂಟ್ಸೇ ಮೇಡಂ. ಗುಂಟೆ ಲೆಕ್ಕ ನಾನು ಮನೆಯಲ್ಲಿ ಕೇಳಿದ್ದೇ ಇಲ್ಲ" ಅಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಮಂಗಳೂರು, ಉಡುಪಿ ಕಡೆ ನೂರು ಸೆಂಟ್ಸಿಗೆ ಎಕರೆ, ಆದ್ದರಿಂದ ಅಲ್ಲಿ ಚುಕ್ಕೆಯನ್ನು ದಶಮಾಂಶ ಎಂದು ಓದಿದರೂ ಮೊತ್ತ ಕೆಡುವುದಿಲ್ಲ. ಒಂದೇ ನಮೂನೆಯ ಹಾಳೆ, ಒಂದೇ ಚುಕ್ಕೆ, ಘಟ್ಟ ಹತ್ತಿದರೆ ಲೆಕ್ಕ ಬೇರೆ. ಚುಕ್ಕೆಯ ನಂತರ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಅದು ಗುಂಟೆಯಾಗಿರಲಾರದು ಅನ್ನುವುದನ್ನು ಅವನಿಗೆ ಹೇಳಿದೆ. ಎಲ್ಲವೂ 39ರ ಒಳಗಿದ್ದರೆ ಮಾತ್ರ ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡ, ಕಳೆದು ಕೂಡಿ ನೋಡು ಅಂದೆ.

ಇಷ್ಟಕ್ಕೇ ಮುಗಿದಿದ್ದರೆ ಐದು ಗಂಟೆಗೆ ಫೈಲು ಹೋಗುತ್ತಿತ್ತು. ನಾನು ಚುಕ್ಕೆಗಳನ್ನು ತೆಗೆದು ಎಕರೆ, ಗುಂಟೆ ಎಂದು ಬಿಡಿಸಿ ಬರೆದ ತಕ್ಷಣ ಟೂಲ್ ಸಾಲುಸಾಲಾಗಿ ಕೆಂಪಾಯಿತು. 3.32.00 ಅನ್ನುವ ಸಂಖ್ಯೆ ಅನುವಾದದಲ್ಲಿ ಕಾಣೆಯಾಗಿದೆ ಅಂತ ಅದರ ದೂರು. ಕೆಂಪಿರುವ ರಿಪೋರ್ಟನ್ನು ಕ್ಲೈಂಟಿಗೆ ಕಳಿಸುವಂತಿಲ್ಲ ಅನ್ನುವುದು ನಮ್ಮಲ್ಲಿ ನಿಯಮ. ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಬಂದು ಕೂತರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಆಸ್ಟ್ರೇಲಿಯಾದವರ ಪಾಲಿನ ಸಾಲು. "ಹಳೆಯದರಲ್ಲಿ 0.32 ಎಕರೆ ಇತ್ತು. ನೀವು ಈಗ ಹೆಕ್ಟೇರಿನ ಕಾಲಮ್ಮಲ್ಲಿ 0.32 ಬರೆದಿದ್ದೀರಿ. ಎಕರೆ ಅಂಕಿಯನ್ನೇ ಕಾಪಿ ಮಾಡಿದ ಹಾಗಿದೆಯಲ್ಲ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಮೂವತ್ತೆರಡು ಗುಂಟೆ ಅಂದರೆ 0.8 ಎಕರೆ, ಅದು ಹೆಕ್ಟೇರಿನಲ್ಲಿ 0.324. ಹಳೆಯ ತಪ್ಪು ಅಂಕಿಯೂ ಹೊಸ ಸರಿ ಅಂಕಿಯೂ ಕಾಕತಾಳೀಯವಾಗಿ ಒಂದೇ ಆಗಿದ್ದವು. ಹಳೆಯದನ್ನು ಹಾಗೇ ಬಿಟ್ಟು ಪರಿವರ್ತಿಸಿದ್ದರೆ 0.13 ಹೆಕ್ಟೇರ್ ಬರುತ್ತಿತ್ತು.

ಅಲ್ಲಿ ಒಂದೈದು ನಿಮಿಷ ಇಬ್ಬರೂ ಮಾತಾಡದೆ ಕ್ಯಾಲ್ಕುಲೇಟರ್ ಒತ್ತಿದೆವು. 0.8ಕ್ಕೂ 0.32ಕ್ಕೂ ಇರುವ ವ್ಯತ್ಯಾಸ 0.48 ಎಕರೆ, ಸುಮಾರು 20,900 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹದಿನೇಳು 30-40 ಸೈಟು. ಒಬ್ಬ ವಾರಸುದಾರರ ಪಾಲಿನ ಅರ್ಧಕ್ಕಿಂತ ಹೆಚ್ಚು ಭಾಗ, ನಮ್ಮ ಸೀಲಿನ ಕೆಳಗೆ ಇಲ್ಲವಾಗುತ್ತಿತ್ತು. ಇದನ್ನು ನೋಡಿದ ಮೇಲೆ ಮ್ಯಾನೇಜರ್ ರಿಪೋರ್ಟಿನ ವಿಷಯ ಎತ್ತಲಿಲ್ಲ. ಕ್ಲೈಂಟಿಗೆ ಫೋನ್ ಮಾಡಿ ಮರುದಿನ ಬೆಳಿಗ್ಗೆವರೆಗೆ ಸಮಯ ಕೇಳಿದರು.

ಸಮಯ ಸಿಕ್ಕಿದ್ದರಿಂದ ಸರ್ವೆ ನಂಬರಿನ ಕಡೆ ನಿಧಾನವಾಗಿ ನೋಡಲು ಆಯಿತು. ಎಂ.ಆರ್. ಪ್ರತಿಯಲ್ಲಿ "ಸ.ನಂ. 112/3 ಪೈಕಿ 1-30" ಅಂತ ಇತ್ತು. ಅನುವಾದದಲ್ಲಿ ಅದು "ಸರ್ವೆ ನಂಬರ್ 112/3, ವಿಸ್ತೀರ್ಣ 1.30 ಎಕರೆ" ಎಂಬ ಅರ್ಥದಲ್ಲಿ ಬಂದಿತ್ತು. ಪೈಕಿ ಬಿಟ್ಟುಹೋಗಿದೆ. ಇಂಗ್ಲಿಷ್ ಓದುವವರಿಗೆ ಇದು 112/3 ಅನ್ನುವ ಇಡೀ ತುಂಡಿನ ಅಳತೆ ಅನ್ನಿಸುತ್ತದೆ. ಮೂವರ ಸಾಲಿನಲ್ಲೂ ಹೀಗೇ ಆಗಿದ್ದರಿಂದ ಒಂದೇ ನಂಬರಿಗೆ ಮೂರು ಬೇರೆ ಬೇರೆ ವಿಸ್ತೀರ್ಣ ಆಗಿತ್ತು. ನಿಜಸ್ಥಿತಿ ಏನೆಂದರೆ, ಮನೆಯಲ್ಲಿ ಪಾಲುಪಾರೀಕತ್ತು ಆಗಿ ಮೂವರ ಹೆಸರೂ ಪಹಣಿಗೆ ಬಂದಿದೆ, ಆದರೆ ಪೋಡಿ ಆಗಿಲ್ಲ. ಸರ್ವೆಯವರು ಬಂದು ಅಳೆದು, ಹದ್ದುಬಸ್ತು ಗುರುತಿಸಿ, ಹೊಸ ಹಿಸ್ಸಾ ನಂಬರ್ ಕೊಡುವ ತನಕ ಯಾರ ತುಂಡು ಯಾವ ಮೂಲೆಯಲ್ಲಿದೆ ಅಂತ ದಾಖಲೆ ಹೇಳುವುದಿಲ್ಲ. ತನ್ನ ಭಾಗ ಮಾತ್ರ ಮಾರಬೇಕು ಅಂದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕಾಗುವುದೂ ಇದೇ ಕಾರಣಕ್ಕೆ. ವಿದೇಶದ ವಕೀಲರಿಗೆ ಇದು ಗೊತ್ತಾಗಬೇಕಾದರೆ ಇಂಗ್ಲಿಷಿನಲ್ಲಿ "ಇಷ್ಟರೊಳಗೆ ಇಷ್ಟು" ಅನ್ನುವ ಅರ್ಥ ಪ್ರತಿ ಸಾಲಿನಲ್ಲೂ ಇರಲೇಬೇಕು. ಪಹಣಿಯಲ್ಲಿ ಸರ್ವೆ ನಂಬರಿಗೂ ಹಿಸ್ಸಾಗೂ ನಡುವೆ ಇದ್ದ ನಕ್ಷತ್ರ ಚಿಹ್ನೆಯನ್ನೂ ಟೂಲ್ ಫಾರ್ಮ್ಯಾಟಿಂಗ್ ಅಂದುಕೊಂಡು ನುಂಗಿತ್ತು. ಅದನ್ನು ಮೂಲದಲ್ಲಿ ಇದ್ದಂತೆ 112/*/3 ಎಂದೇ ಇಟ್ಟೆ, ಆನ್‌ಲೈನಿನಲ್ಲಿ ದಾಖಲೆ ಹುಡುಕುವಾಗ ಅದೂ ಬೇಕಾಗುತ್ತದೆ.

ಖರಾಬು ಎರಡಕ್ಕೂ ಅನುವಾದದಲ್ಲಿ ಒಂದೇ ಪದ ಇತ್ತು, ವೇಸ್ಟ್‌ಲ್ಯಾಂಡ್. ಕರ್ನಾಟಕ ಭೂಕಂದಾಯ ನಿಯಮಗಳು, 1966ರಲ್ಲಿ ಇವೆರಡು ಬೇರೆ ಬೇರೆ. ಅ ಖರಾಬು ಸರ್ವೆ ಕಾಲದಲ್ಲಿ ಬೇಸಾಯಕ್ಕೆ ಬಾರದ ಜಾಗ, ಹಿಡುವಳಿದಾರರ ಕಣ, ಕೊಟ್ಟಿಗೆಯಂಥವೂ ಅದರಲ್ಲೇ ಸೇರುತ್ತವೆ. ಬ ಖರಾಬು ಸಾರ್ವಜನಿಕ ಉಪಯೋಗದ ದಾರಿ, ಹಳ್ಳ, ಕೆರೆ, ಸ್ಮಶಾನದಂಥದ್ದು. ಈ ಜಮೀನಿನಲ್ಲಿ ಹದಿನಾಲ್ಕು ಗುಂಟೆ ಬ ಖರಾಬು ಇದೆ. ಅದನ್ನು ಬರಡು ಭೂಮಿ ಅಂದರೆ, ಮಣ್ಣು ಹೊಡೆಸಿ ಸರಿಮಾಡಿಕೊಂಡರೆ ತಮ್ಮದೇ ಅಂತ ಓದುವವರು ತಿಳಿಯುತ್ತಾರೆ. ಹಾಗಾಗಿ ಖರಾಬು ಅನ್ನುವ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಹಾಗೇ ಉಳಿಸಿ, ಅ, ಬ ವರ್ಗವನ್ನು ಪಕ್ಕದಲ್ಲಿ ಇಟ್ಟು, ನಿಯಮದ ವ್ಯಾಖ್ಯೆಯನ್ನು ಅನುವಾದಕರ ಟಿಪ್ಪಣಿಯಾಗಿ ಅಡಿಯಲ್ಲಿ ಹಾಕಿಸಿದೆ.

ಕೊನೆಗೆ ಉಳಿದದ್ದು ಹತ್ತು, ಹನ್ನೊಂದನೇ ಕಾಲಂ. ಭೂನ್ಯಾಯ ಮಂಡಳಿಯ 1981ರ ಆದೇಶದಂತೆ ಈ ವಾರಸುದಾರರ ಅಜ್ಜನಿಗೆ ಅಧಿಭೋಗದ ಹಕ್ಕು ಬಂದಿತ್ತು, ಹದಿನೈದು ವರ್ಷ ಪರಭಾರೆ ಮಾಡತಕ್ಕದ್ದಲ್ಲ ಎಂಬ ಷರತ್ತು ನಮೂದಾಗಿತ್ತು. ಅಜ್ಜ ಮೊದಲು ಗೇಣಿದಾರರಾಗಿದ್ದರು ಅಂತ ಎಲ್ಲೋ ಓದಿದ ಹುಡುಗ ಅಧಿಭೋಗದಾರನನ್ನು ಟೆನೆಂಟ್ ಮಾಡಿದ್ದ. ಇದರಿಂದ ಅರ್ಥ ತಲೆಕೆಳಗಾಗುತ್ತದೆ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಲ್ಲಿ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಗಿ, ಫಾರಂ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಅಧಿಭೋಗದ ಹಕ್ಕು ಸಿಕ್ಕಿತು. ಹಕ್ಕು ಸಿಕ್ಕಿದ ಮೇಲೆ ಅವರು ಗೇಣಿದಾರರಾಗಿ ಉಳಿಯಲಿಲ್ಲ. 1964ರ ಭೂಕಂದಾಯ ಕಾಯ್ದೆಯ ವ್ಯಾಖ್ಯೆಯಲ್ಲೂ ಆಕ್ಯುಪೆಂಟ್ ಅಂದರೆ ಗೇಣಿದಾರನಲ್ಲದ ಹಿಡುವಳಿದಾರ. ಟೆನೆಂಟ್ ಅಂತ ಹೋಗಿದ್ದರೆ, ಇವರು ಬಾಡಿಗೆಯವರು, ಮಾಲೀಕರು ಇನ್ಯಾರೋ ಇದ್ದಾರೆ ಅಂತ ಆ ವಕೀಲರು ತಿಳಿದುಕೊಳ್ಳುವುದು ಸಹಜ. ಪರಭಾರೆಗೆ ಅವನು ಲೀಸ್ ಅನ್ನುವ ಪದ ಹಾಕಿದ್ದ. ಮಾರಾಟ, ದಾನ, ವಿನಿಮಯ ಎಲ್ಲ ಸೇರುವ ಏಲಿಯನೇಷನ್ ಮಾಡಿಸಿದೆ.

ಹದಿನೈದು ವರ್ಷ 1996ಕ್ಕೇ ಮುಗಿದಿದೆ, ಆ ಸಾಲನ್ನು ಬಿಟ್ಟುಬಿಡಬಹುದಲ್ಲ ಅಂತ ಮ್ಯಾನೇಜರ್ ಕೇಳಿದರು. ಬಿಡುವ ಹಾಗಿಲ್ಲ, ಅವಧಿ ಮುಗಿದಿದೆ ಅಂತ ನಾವು ಸೇರಿಸುವ ಹಾಗೂ ಇಲ್ಲ. ಪಹಣಿಯಲ್ಲಿ ಆ ನಮೂದು ಇದೆ, ಆದೇಶದ ವರ್ಷದ ಸಮೇತ ಅದನ್ನು ಕೊಡಬೇಕು. ಅದರ ಫಲವೇನು ಅಂತ ಹೇಳುವುದು ವಕೀಲರ ಕೆಲಸ.

ಮರುದಿನ ಬೆಳಿಗ್ಗೆ ಫೈಲು ಹೋಯಿತು, ಕೆಂಪು ರಿಪೋರ್ಟಿನ ಜೊತೆಯಲ್ಲೇ, ಪ್ರತಿ ಕೆಂಪಿಗೂ ಒಂದೊಂದು ಸಾಲು ವಿವರಣೆ ಬರೆದು. ವಿಸ್ತೀರ್ಣದ ಅಂಕಣವನ್ನು ಅಂಕಿ ತಪಾಸಣೆಯಿಂದ ಹೊರಗಿಡಿ, ಅದರ ಬದಲು ಗುಂಟೆಗೆ ಇಳಿಸಿ ಕೂಡುವ ಒಂದು ಶೀಟ್ ಕಡ್ಡಾಯ ಮಾಡಿ ಅಂತ ನಾನು ಕಳಿಸಿದ ಮೇಲ್‌ಗೆ ಟೂಲ್ ನೋಡಿಕೊಳ್ಳುವ ತಂಡದಿಂದ ಉತ್ತರ ಬಂದಿಲ್ಲ. ಶೀಟ್ ನಾನೇ ಮಾಡಿ ಹುಡುಗನಿಗೆ ಕೊಟ್ಟಿದ್ದೇನೆ. ಅದರ ಮೊದಲ ಅಂಕಣದಲ್ಲಿ ಜಿಲ್ಲೆಯ ಹೆಸರು ತುಂಬದಿದ್ದರೆ ಮುಂದಿನ ಅಂಕಣಗಳು ತೆರೆಯುವುದಿಲ್ಲ.